ಎಲ್ಲದರಲ್ಲೂ ವಿರುದ್ಧವಾದ ಪಾತ್ರವನ್ನು ಪಕ್ಕದಲ್ಲಿಟ್ಟರೂ ನಾಯಕಿಯ ಗುಣ ಏಕೆ ಎದ್ದು ಕಾಣುತ್ತಿಲ್ಲ?

ನೀಲಾಂಬರಿ

ನಾನು ಬರೆಯುತ್ತಿರುವ ನೀಳ್ಗತೆಯ ನಾಯಕಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಹಿರಿಯ ನರ್ಸ್. ಬೆಳಗಿನ 6 ಗಂಟೆಗೆ ರೋಗಿಯೊಬ್ಬರಿಗೆ ಕೊಡಬೇಕಾದ ಔಷಧದ ಪ್ರಮಾಣ ಕೇಸ್ ಶೀಟಿನಲ್ಲಿ ಹತ್ತು ಪಟ್ಟು ಹೆಚ್ಚಾಗಿ ಬರೆದಂತಿದೆ ಎಂಬ ಅನುಮಾನ ಅವಳಿಗೆ ನಡುರಾತ್ರಿಯಲ್ಲಿ ಹುಟ್ಟುತ್ತದೆ. ಹಿರಿಯ ವೈದ್ಯರನ್ನು ನಿದ್ದೆಯಿಂದ ಎಬ್ಬಿಸಬೇಕೇ, ಅನುಮಾನ ಸುಳ್ಳಾದರೆ ಏನಾದೀತು ಎಂಬ ತೊಳಲಾಟದಲ್ಲಿಯೇ ಕಥೆ ಬೆಳಗಿನವರೆಗೆ ಸಾಗುತ್ತದೆ.

ಅವಳ ಎಚ್ಚರದ ಸ್ವಭಾವ ಎದ್ದು ಕಾಣಲೆಂದು ಫಾಯಿಲ್ ಪಾತ್ರವಾಗಿ ಒಬ್ಬ ಸಹೋದ್ಯೋಗಿಯನ್ನು ತಂದಿದ್ದೇನೆ. ನಾಯಕಿ ಮಿತಭಾಷಿಯಾದರೆ ಇವಳು ಮಾತಿನಮಲ್ಲಿ; ಅವಳು ಹೊತ್ತಿಗೆ ಮುಂಚೆ ಬರುವವಳಾದರೆ ಇವಳು ದಿನವೂ ತಡ; ಅವಳದು ಇಸ್ತ್ರಿ ಮಾಡಿದ ಸಮವಸ್ತ್ರ, ಇವಳದು ಸುಕ್ಕುಗಟ್ಟಿದ್ದು. ಹೀಗೆ ಎಲ್ಲದರಲ್ಲೂ ವಿರುದ್ಧವಾಗಿ ಕಟ್ಟಿದ್ದರೂ, ಓದಿದ ಗೆಳತಿಯರಿಬ್ಬರೂ ಸಹೋದ್ಯೋಗಿಯನ್ನು ಮೆಚ್ಚಿಕೊಂಡು, ನಾಯಕಿ ಸಪ್ಪೆಯಾಗಿದ್ದಾಳೆ ಎಂದರು. ವೈದೃಶ್ಯವನ್ನು ಇನ್ನೂ ಹೆಚ್ಚಿಸಬೇಕೇ, ಅಥವಾ ತೊಡಕು ಬೇರೆಲ್ಲಾದರೂ ಇದೆಯೇ?

ಮಧುಕರ

ಫಾಯಿಲ್ ಎಂದರೆ ನಾಯಕನಿಗೆ ಎದುರಾಗಿ ನಿಲ್ಲುವವನು. ರಾಮನಿಗೆ ರಾವಣ, ಭೀಮನಿಗೆ ದುರ್ಯೋಧನ. ನಿಮ್ಮ ಕಥೆಯಲ್ಲಿ ಆ ಸ್ಥಾನ ಹಿರಿಯ ವೈದ್ಯರದ್ದಾಗಬೇಕು. ಅವರನ್ನು ಅಹಂಕಾರಿಯನ್ನಾಗಿ ಮಾಡಿ, ನಾಯಕಿ ತಾನಾಗಿಯೇ ಹೊಳೆಯುತ್ತಾಳೆ.

ಹಳೆಯ ಓದುಗ

ಮಧುಕರ ಅವರೇ, ಪ್ರತಿನಾಯಕ ಕೆಲವೊಮ್ಮೆ ಫಾಯಿಲ್ ಕೂಡ ಆಗಬಹುದು ಎನ್ನುವಷ್ಟಕ್ಕೆ ನಿಮ್ಮ ಮಾತು ಸರಿ. ಆದರೆ ಎರಡೂ ಕೆಲಸಗಳು ಬೇರೆ. ಪ್ರತಿನಾಯಕ ನಾಯಕನ ದಾರಿಗೆ ಅಡ್ಡ ಬರುತ್ತಾನೆ. ಫಾಯಿಲ್ ಪಾತ್ರಕ್ಕೆ ಅಡ್ಡ ಬರಬೇಕೆಂಬ ಹಂಗೇ ಇಲ್ಲ, ಅದು ಗೆಳೆಯನಾಗಿರಬಹುದು, ತಮ್ಮನಾಗಿರಬಹುದು, ನಾಯಕನನ್ನು ಒಮ್ಮೆಯೂ ಭೇಟಿಯಾಗದವನೂ ಆಗಿರಬಹುದು.

ನೀಲಾಂಬರಿ ಅವರೇ, ನಿಮ್ಮ ಬರಹದಲ್ಲಿ ವೈದೃಶ್ಯ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಇಲ್ಲದಿರುವುದು ಸಮಾನ ನೆಲೆ. ಇಬ್ಬರು ವ್ಯಕ್ತಿಗಳು ಹತ್ತು ಕಡೆ ಭಿನ್ನರಾಗಿದ್ದರೆ ಓದುಗ ಅವರನ್ನು ಇಬ್ಬರು ಬೇರೆ ಬೇರೆ ಮನುಷ್ಯರೆಂದು ಒಪ್ಪಿಕೊಂಡು ಮುಂದೆ ಹೋಗುತ್ತಾನೆ, ಹೋಲಿಸುವುದಿಲ್ಲ. ಒಂದೇ ಇಕ್ಕಟ್ಟಿಗೆ ಸಿಕ್ಕ ಇಬ್ಬರು ಒಂದೇ ಒಂದು ಕಡೆ ಬೇರೆಯಾದಾಗ ಮಾತ್ರ, ಆ ಒಂದು ಗುಣದ ಮೇಲೆ ಅವನ ಕಣ್ಣು ನಿಲ್ಲುತ್ತದೆ.

ಹ್ಯಾಮ್ಲೆಟ್ ಮತ್ತು ಲೇರ್ಟಿಸ್ ಜೋಡಿಯನ್ನು ನೋಡಿ. ಇಬ್ಬರೂ ತರುಣರು, ಇಬ್ಬರೂ ಹೊರದೇಶದ ವಾಸವನ್ನು ಬಿಟ್ಟು ಡೆನ್ಮಾರ್ಕಿಗೆ ಬಂದವರು, ಇಬ್ಬರ ತಂದೆಯೂ ಕೊಲೆಯಾದವರು, ಇಬ್ಬರೂ ಒಫೀಲಿಯಾಳನ್ನು ಪ್ರೀತಿಸಿದವರು, ಒಬ್ಬ ಪ್ರಿಯಕರನಾಗಿ, ಇನ್ನೊಬ್ಬ ಅಣ್ಣನಾಗಿ. ಇಷ್ಟೆಲ್ಲವನ್ನೂ ಸಮ ಮಾಡಿದ ಮೇಲೆ ಶೇಕ್ಸ್‌ಪಿಯರ್ ಒಂದನ್ನು ಮಾತ್ರ ಬದಲಿಸುತ್ತಾನೆ: ಯೋಚನೆಗೂ ಕೃತಿಗೂ ನಡುವಿನ ಅಂತರ.

ಮೂರನೆಯ ಅಂಕದಲ್ಲಿ ಹ್ಯಾಮ್ಲೆಟ್‌ನ ತಂದೆಯನ್ನು ಕೊಂದ ರಾಜ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ಪ್ರಾರ್ಥಿಸಲು ಯತ್ನಿಸುತ್ತಿರುವಾಗ ಹ್ಯಾಮ್ಲೆಟ್ ಅವನ ಹಿಂದೆ ಬಂದು ನಿಲ್ಲುತ್ತಾನೆ. ಕತ್ತಿ ಕೈಯಲ್ಲಿದೆ, ತಡೆಯುವವರು ಯಾರೂ ಇಲ್ಲ. ಪ್ರಾರ್ಥಿಸುವಾಗ ಕೊಂದರೆ ಪಾಪಿ ಸ್ವರ್ಗಕ್ಕೆ ಹೋದಾನು ಎಂದು ತರ್ಕಿಸಿ ಅವನು ಕತ್ತಿಯನ್ನು ಹಿಂದಕ್ಕೆ ಸೇರಿಸುತ್ತಾನೆ. ನಾಲ್ಕನೆಯ ಅಂಕದ ಕೊನೆಯಲ್ಲಿ ಅದೇ ಕ್ಲಾಡಿಯಸ್, ಹ್ಯಾಮ್ಲೆಟ್‌ನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ಲೇರ್ಟಿಸ್‌ನನ್ನು, ತಂದೆಗೆ ತಕ್ಕ ಮಗನೆಂದು ತೋರಿಸಲು ಏನು ಮಾಡುವೆ ಎಂದು ಕೇಳುತ್ತಾನೆ. ಹ್ಯಾಮ್ಲೆಟ್ ಚರ್ಚಿನೊಳಗಿದ್ದರೂ ಅವನ ಕುತ್ತಿಗೆ ಕತ್ತರಿಸುತ್ತೇನೆ ಎಂಬುದು ಲೇರ್ಟಿಸ್‌ನ ಉತ್ತರ. ಯಾವ ಸ್ಥಳವೂ ಕೊಲೆಗಾರನಿಗೆ ಆಶ್ರಯವಾಗಬಾರದು ಎಂದು ಕ್ಲಾಡಿಯಸ್ ತಲೆದೂಗುತ್ತಾನೆ. ತಾನು ಪ್ರಾರ್ಥನೆಯ ಭಂಗಿಯಲ್ಲಿದ್ದುದರಿಂದಲೇ ಬದುಕಿ ಉಳಿದೆ ಎಂಬುದು ಅವನಿಗೆ ತಿಳಿದಿಲ್ಲ, ಪ್ರೇಕ್ಷಕರಿಗೆ ತಿಳಿದಿದೆ.

ಹ್ಯಾಮ್ಲೆಟ್ ಆ ದೃಶ್ಯದಲ್ಲಿ ರಂಗದ ಮೇಲೆ ಇಲ್ಲವೇ ಇಲ್ಲ. ಆದರೂ ಅವನ ಹಿಂಜರಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ನಿಮ್ಮ ಸಹೋದ್ಯೋಗಿಗೆ ಕೇಸ್ ಶೀಟಿನ ಸಂಗತಿ ಗೊತ್ತಿದೆಯೇ? ಮೊದಲು ಅದನ್ನು ಹೇಳಿ.

ನೀಲಾಂಬರಿ

ಇಲ್ಲ, ಅವಳಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ನಾಯಕಿಯ ಒಂಟಿತನಕ್ಕೆ ಅದು ಅಗತ್ಯ ಎಂದುಕೊಂಡಿದ್ದೆ.

ಹಳೆಯ ಓದುಗ

ಹಾಗಾದರೆ ಅವಳು ನಾಯಕಿಯ ಪಕ್ಕದಲ್ಲಿದ್ದಾಳೆ, ನಾಯಕಿಯ ಸಮಸ್ಯೆಯ ಪಕ್ಕದಲ್ಲಿ ಇಲ್ಲ.

ಪತ್ತೇದಾರಿ ಪ್ರಿಯ

ಇದಕ್ಕೆ ಹ್ಯಾಮ್ಲೆಟ್‌ವರೆಗೆ ಹೋಗಬೇಕಾಗಿಲ್ಲ. 1891ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸ್‌ನ ಮೊದಲ ಸಣ್ಣಕಥೆಯಲ್ಲಿ ಒಂದು ಪುಟ್ಟ ಸಂಭಾಷಣೆ ಬರುತ್ತದೆ. ಹಜಾರದಿಂದ ಈ ಕೋಣೆಗೆ ಬರುವ ಮೆಟ್ಟಿಲುಗಳನ್ನು ಎಷ್ಟು ಸಲ ನೋಡಿದ್ದೀರಿ ಎಂದು ಹೋಮ್ಸ್ ಕೇಳುತ್ತಾನೆ. ನೂರಾರು ಸಲ ಎನ್ನುತ್ತಾನೆ ವಾಟ್ಸನ್. ಹಾಗಾದರೆ ಮೆಟ್ಟಿಲುಗಳೆಷ್ಟು? ವಾಟ್ಸನ್‌ಗೆ ಗೊತ್ತಿಲ್ಲ. ಹದಿನೇಳು ಎಂದು ಹೋಮ್ಸ್ ಹೇಳಿ, ಇಬ್ಬರೂ ನೋಡಿದ್ದೇವೆ, ಆದರೆ ನಾನು ಗಮನಿಸಿಯೂ ಇದ್ದೇನೆ ಎಂದು ವಿವರಿಸುತ್ತಾನೆ. ಅದೇ ಮೆಟ್ಟಿಲು, ಅದೇ ಕಣ್ಣು. ಹಳೆಯ ಓದುಗರು ಹೇಳುವ ಸಮಾನ ನೆಲೆ ಎಂದರೆ ಇದೇ ಅಲ್ಲವೇ?

ಹೋಮ್ಸ್‌ನನ್ನು ಅನುಕರಿಸಿದ ಎಷ್ಟೋ ಕಥೆಗಳು ಸೋಲುವುದು ಇಲ್ಲಿಯೇ. ಪತ್ತೇದಾರನ ಗೆಳೆಯನನ್ನು ಅವು ಪೆದ್ದನನ್ನಾಗಿ ಮಾಡುತ್ತವೆ. ವಾಟ್ಸನ್ ಪೆದ್ದನಲ್ಲ, ವೈದ್ಯ, ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಮರಳಿದ ಸೇನಾ ಶಸ್ತ್ರವೈದ್ಯ, ಓದುಗನಷ್ಟೇ ಬುದ್ಧಿಯುಳ್ಳವನು. ಪೆದ್ದನೊಬ್ಬನ ಪಕ್ಕದಲ್ಲಿ ಸಾಧಾರಣ ಬುದ್ಧಿಯವನೂ ಜಾಣನಾಗಿ ಕಾಣುತ್ತಾನೆ, ಹೀಗಾಗಿ ಅಂಥ ಹೋಲಿಕೆಯಿಂದ ಹೋಮ್ಸ್‌ಗೆ ಯಾವ ಲಾಭವೂ ಆಗುತ್ತಿರಲಿಲ್ಲ.

ವನಜಾಕ್ಷಿ

ವಾಟ್ಸನ್ ಫಾಯಿಲ್ ಅಲ್ಲ, ನಿರೂಪಕ. ಇವೆರಡನ್ನೂ ಬೆರೆಸಬೇಡಿ. ಹೋಮ್ಸ್‌ನ ಚಾತುರ್ಯ ನಮಗೆ ಬೆರಗು ಹುಟ್ಟಿಸುವುದು ಅವನು ಯೋಚಿಸುತ್ತಿರುವುದನ್ನು ನಮ್ಮಿಂದ ಮುಚ್ಚಿಟ್ಟಿರುವುದರಿಂದ. ಅದು ನಿರೂಪಣೆಯ ತಂತ್ರ, ಪಾತ್ರಗಳ ನಡುವಿನ ವೈದೃಶ್ಯವಲ್ಲ.

ಪತ್ತೇದಾರಿ ಪ್ರಿಯ

ವನಜಾಕ್ಷಿ ಅವರೇ, ಇದನ್ನು ಪರೀಕ್ಷಿಸಲು ಕಾನನ್ ಡಾಯ್ಲ್ ನಮಗೊಂದು ಅವಕಾಶ ಕೊಟ್ಟಿದ್ದಾನೆ. 1926ರಲ್ಲಿ ಬಂದ ಎರಡು ಕಥೆಗಳನ್ನು ಹೋಮ್ಸ್ ತಾನೇ ಹೇಳುತ್ತಾನೆ. ಅವುಗಳಲ್ಲೊಂದು ಸಮುದ್ರತೀರದ ಸಾವಿನ ಕಥೆ; ಅಲ್ಲಿ ವಾಟ್ಸನ್ ಸುಳಿಯುವುದೇ ಇಲ್ಲ. ಪತ್ತೇದಾರಿಕೆ ಇದೆ, ಪುಸ್ತಕಜ್ಞಾನ ಇದೆ, ರಹಸ್ಯವನ್ನು ಕೊನೆಯವರೆಗೆ ಮುಚ್ಚಿಡುವ ತಂತ್ರವೂ ಇದೆ. ಆದರೆ ಹೋಮ್ಸ್ ಅಲ್ಲಿ ಬಹುಮಟ್ಟಿಗೆ ನಿವೃತ್ತ ಗೃಹಸ್ಥನಂತೆ ಕಾಣುತ್ತಾನೆ. ಮುಚ್ಚಿಡುವ ತಂತ್ರ ಒಂದೇ ಸಾಕಾಗಿದ್ದರೆ ಹೀಗಾಗಬಾರದಿತ್ತು.

ವನಜಾಕ್ಷಿ

ಆ ಎರಡು ಕಥೆಗಳು ದುರ್ಬಲವಾಗಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಅಷ್ಟು ವರ್ಷ ಒಂದೇ ಪಾತ್ರವನ್ನು ಬರೆದ ಲೇಖಕನಿಗೆ ಬೇಸರ ಬಂದಿರಬಾರದೇ? ನಾನು ಒಪ್ಪುವುದಿಲ್ಲ.

ಸುಧೀಂದ್ರ

ನಾಯಕನ ಪಕ್ಕದಲ್ಲಿ ಹಾಸ್ಯ ಪಾತ್ರವೊಂದಿರಬೇಕು ಎನ್ನುವುದನ್ನೇ ಎಲ್ಲರೂ ಹೇಳುತ್ತಿದ್ದೀರಲ್ಲವೇ? ಗಂಭೀರ ಕಥೆಗೆ ನಡುನಡುವೆ ನಗು ಬೇಕಾಗುತ್ತದೆ, ಅದಕ್ಕಾಗಿ ಮಾತಿನಮಲ್ಲಿ ಸಹೋದ್ಯೋಗಿಯನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ?

ಹಳೆಯ ಓದುಗ

ಸುಧೀಂದ್ರ ಅವರೇ, ನಗಿಸುವುದರಲ್ಲಿ ತಪ್ಪಿಲ್ಲ, ಆದರೆ ಪ್ರಶ್ನೆ ಅದಲ್ಲ. ಡಾನ್ ಕ್ವಿಕ್ಸೋಟ್ ಕಾದಂಬರಿಯ ಸೇವಕ ಸಾಂಚೋ ಪಾಂಝಾ ನಗಿಸುತ್ತಾನೆ, ಆದರೆ ಅವನು ಫಾಯಿಲ್ ಆಗಿರುವುದು ನಗಿಸುವುದರಿಂದಲ್ಲ. ಗಾಳಿಯಂತ್ರಗಳ ಮುಂದೆ ಅವನೂ ಡಾನ್ ಕ್ವಿಕ್ಸೋಟನೂ ಒಟ್ಟಿಗೆ ನಿಂತಿದ್ದಾರೆ, ಒಬ್ಬನಿಗೆ ದೈತ್ಯರು ಕಾಣುತ್ತಾರೆ, ಇನ್ನೊಬ್ಬನಿಗೆ ಗಾಳಿಯಂತ್ರಗಳೇ ಕಾಣುತ್ತವೆ. ಅದಕ್ಕಿಂತ ಸೊಗಸಾದುದು 1615ರ ಎರಡನೆಯ ಭಾಗದಲ್ಲಿದೆ. ಅಲ್ಲಿ ಸಾಂಚೋ ಒಡೆಯನ ಪ್ರೇಯಸಿ ದುಲ್ಸಿನೇಯಾಳನ್ನು ಕಂಡುಬಂದೆ ಎಂಬ ತನ್ನ ಹಳೆಯ ಸುಳ್ಳನ್ನು ಉಳಿಸಿಕೊಳ್ಳಲು ಕತ್ತೆಗಳ ಮೇಲೆ ಬರುತ್ತಿರುವ ಮೂವರು ಹಳ್ಳಿ ಹುಡುಗಿಯರನ್ನು ತೋರಿಸಿ, ಇವರೇ ದುಲ್ಸಿನೇಯಾ ಮತ್ತು ಅವಳ ಸಖಿಯರು ಎನ್ನುತ್ತಾನೆ. ಈ ಸಲ ಕ್ವಿಕ್ಸೋಟನ ಕಣ್ಣಿಗೆ ಹಳ್ಳಿ ಹುಡುಗಿಯರಷ್ಟೇ ಕಾಣುತ್ತಾರೆ. ಇಬ್ಬರ ಪಾತ್ರ ಅದಲುಬದಲಾಗುತ್ತದೆ. ತನಗೆ ಕಂಡದ್ದನ್ನು ನಂಬದೆ, ಮಾಂತ್ರಿಕರು ತನ್ನ ಕಣ್ಣಿಗೆ ಮಂಕು ಕವಿಸಿದ್ದಾರೆಂದು ಅವನು ಸಂಕಟಪಡುವಾಗ, ಅವನ ಹುಚ್ಚಿನ ಬುಡದಲ್ಲಿರುವುದು ಕಣ್ಣಿನ ದೋಷವಲ್ಲ, ನಂಬಿಕೆಯ ಹಟ ಎಂಬುದು ಮೊದಲ ಬಾರಿಗೆ ನಮಗೆ ಅರಿವಾಗುತ್ತದೆ.

ರಂಗನಾಥ (ಹವ್ಯಾಸಿ ನಟ)

ನಾನು ಹಿಂದೊಮ್ಮೆ ಲೇರ್ಟಿಸ್‌ನ ಪಾತ್ರ ಮಾಡಿದ್ದೆ. ಆ ಪ್ರಯೋಗದಲ್ಲಿ ನಾಟಕ ಉದ್ದವಾಯಿತೆಂದು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನನ್ನು ಪೂರ್ತಿಯಾಗಿ ಕತ್ತರಿಸಿ ಹಾಕಿದ್ದರು. ಕಥೆಗೆ ಏನೂ ಕೊರತೆಯಾಗಲಿಲ್ಲ, ಪ್ರೇಕ್ಷಕರಿಗೆ ಎಲ್ಲವೂ ಅರ್ಥವಾಯಿತು. ಆದರೆ ಹ್ಯಾಮ್ಲೆಟ್‌ನ ಬಗ್ಗೆ ಅವರಾಡಿದ ಮಾತು ನಮ್ಮ ನಿರ್ದೇಶಕರು ನಿರೀಕ್ಷಿಸಿದ್ದಂತಿರಲಿಲ್ಲ: "ಲೇರ್ಟಿಸ್ ಮುಂಗೋಪಿ, ಹ್ಯಾಮ್ಲೆಟ್ ಸಂಯಮಿ, ಆದ್ದರಿಂದ ಹ್ಯಾಮ್ಲೆಟ್ ಮಾಡಿದ್ದೇ ಸರಿ" ಎಂದು ಹಲವರು ಹೇಳಿದರು.

ಫೋರ್ಟಿನ್‌ಬ್ರಾಸ್ ಇದ್ದಿದ್ದರೆ ಇಷ್ಟು ಸುಲಭದ ತೀರ್ಪು ಸಾಧ್ಯವಿರಲಿಲ್ಲ. ಅವನ ತಂದೆಯೂ ಸತ್ತವನೇ, ಹ್ಯಾಮ್ಲೆಟ್‌ನ ತಂದೆಯ ಕೈಯಲ್ಲಿಯೇ. ಆದರೆ ಅವನು ಸೇಡಿಗಾಗಿ ಲೇರ್ಟಿಸ್‌ನಂತೆ ಕುದಿಯುವುದಿಲ್ಲ, ಹ್ಯಾಮ್ಲೆಟ್‌ನಂತೆ ಕೊರಗುವುದೂ ಇಲ್ಲ. ಚಿಕ್ಕಪ್ಪ ಬೇಡವೆಂದಾಗ ಡೆನ್ಮಾರ್ಕಿನ ಮೇಲಿನ ದಂಡಯಾತ್ರೆಯನ್ನು ಬಿಟ್ಟು, ಕೆಲಸಕ್ಕೆ ಬಾರದ ತುಂಡು ನೆಲಕ್ಕಾಗಿ ಪೋಲೆಂಡಿನ ಕಡೆ ಸೇನೆಯನ್ನು ನಡೆಸುತ್ತಾನೆ. ಕೊನೆಗೆ ಡೆನ್ಮಾರ್ಕಿನ ಸಿಂಹಾಸನ ಸಿಗುವುದೂ ಅವನಿಗೇ. ಒಂದೇ ಫಾಯಿಲ್ ಇದ್ದಾಗ ಪ್ರೇಕ್ಷಕರು ಇಬ್ಬರಲ್ಲಿ ಯಾರು ಸರಿ ಎಂದು ತೂಗತೊಡಗುತ್ತಾರೆ. ಎರಡನೆಯವನು ಬಂದಾಗ ಆ ತೂಗಾಟ ನಿಂತು, ಮೂವರಲ್ಲಿ ಈ ಒಬ್ಬ ಮಾತ್ರ ಏಕೆ ಹೀಗೆ ಎಂದು ಕೇಳತೊಡಗುತ್ತಾರೆ.

ಹಳೆಯ ಓದುಗ

ರಂಗನಾಥ ಅವರ ಅನುಭವಕ್ಕೆ ಪಠ್ಯದ ಇತಿಹಾಸದಲ್ಲಿಯೂ ಒಂದು ಆಧಾರವಿದೆ. ಫೋರ್ಟಿನ್‌ಬ್ರಾಸ್‌ನ ಸೇನೆಯನ್ನು ನೋಡಿ ಹ್ಯಾಮ್ಲೆಟ್ ತನ್ನನ್ನು ತಾನೇ ಹಳಿದುಕೊಳ್ಳುವ ದೀರ್ಘ ಸ್ವಗತ 1604–05ರ ಎರಡನೆಯ ಕ್ವಾರ್ಟೋ ಮುದ್ರಣದಲ್ಲಿದೆ, 1623ರ ಫೋಲಿಯೋದಲ್ಲಿ ಇಲ್ಲ. ಫೋಲಿಯೋ ಪಠ್ಯವನ್ನು ಓದುವವನಿಗೆ ಫೋರ್ಟಿನ್‌ಬ್ರಾಸ್ ಸಿಗುತ್ತಾನೆ, ಆದರೆ ಹ್ಯಾಮ್ಲೆಟ್ ತಾನೇ ಆ ಹೋಲಿಕೆಯನ್ನು ಮಾಡಿಕೊಳ್ಳುವ ಗಳಿಗೆ ಸಿಗುವುದಿಲ್ಲ. ಲೇರ್ಟಿಸ್‌ನ ವಿಷಯದಲ್ಲಿ ಹಾಗಲ್ಲ. ತನ್ನ ನೋವಿನ ಪ್ರತಿಬಿಂಬದಲ್ಲಿ ಅವನ ನೋವನ್ನು ಕಾಣುತ್ತೇನೆ ಎಂಬರ್ಥದ ಹ್ಯಾಮ್ಲೆಟ್‌ನ ಮಾತು ಫೋಲಿಯೋದಲ್ಲಿದೆ. ನಾಯಕನಿಗೆ ತನ್ನ ಫಾಯಿಲ್‌ನ ಅರಿವಿರಬೇಕೇ ಎಂಬುದು ಬರೆಯುವವರು ತೀರ್ಮಾನಿಸಬೇಕಾದ ಸಂಗತಿ. ನನಗಂತೂ ಅರಿವಿಲ್ಲದಿರುವುದೇ ಹೆಚ್ಚು ಇಷ್ಟ.

ಕಾವ್ಯಾಸಕ್ತೆ

ಓದಿದವರಿಗೆ ನಾಯಕಿಗಿಂತ ಸಹೋದ್ಯೋಗಿಯೇ ಹಿಡಿಸಿದಳು ಎಂಬ ನೀಲಾಂಬರಿ ಅವರ ಮೂಲ ಅಳಲನ್ನು ಯಾರೂ ಕೈಗೆತ್ತಿಕೊಂಡಿಲ್ಲ. ಈ ತೊಂದರೆ ಸಾವಿರ ವರ್ಷಗಳಷ್ಟು ಹಳೆಯದು. ಪಂಪ 941ರಲ್ಲಿ ಅರ್ಜುನನನ್ನೇ ನಾಯಕನನ್ನಾಗಿ ಮಾಡಿ, ಅವನಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಕಂಡು ಭಾರತವನ್ನು ಬರೆದ. ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಅವನೇ ಹೇಳಬೇಕಾಯಿತು.

ವ್ಯಾಸಭಾರತದಲ್ಲಿಯೇ ಈ ಜೋಡಿಯ ಬಿಗಿ ಇದೆ. ಇಬ್ಬರ ಎದುರಿಗಿರುವ ಸಂಕಟ ಒಂದೇ: ಎದುರು ಪಾಳೆಯದಲ್ಲಿರುವವರು ರಕ್ತಸಂಬಂಧಿಗಳು. ಇಬ್ಬರಿಗೂ ಆ ಬಗ್ಗೆ ಮಾತನಾಡಿಸುವವನು ಒಬ್ಬನೇ ಕೃಷ್ಣ. ಉದ್ಯೋಗಪರ್ವದಲ್ಲಿ ಅವನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯವನ್ನು ತಿಳಿಸಿ, ಪಾಂಡವರ ಕಡೆಗೆ ಬಾ, ಜ್ಯೇಷ್ಠನಾಗಿ ರಾಜ್ಯವೂ ನಿನ್ನದೇ ಎನ್ನುತ್ತಾನೆ. ಕರ್ಣ ಎಲ್ಲವನ್ನೂ ಕೇಳಿಸಿಕೊಂಡು ಒಲ್ಲೆ ಎನ್ನುತ್ತಾನೆ. ಈ ಗುಟ್ಟನ್ನು ಯುಧಿಷ್ಠಿರನಿಗೆ ಹೇಳಬೇಡ, ಹೇಳಿದರೆ ಅವನು ರಾಜ್ಯವನ್ನು ನನಗೆ ಒಪ್ಪಿಸಿಬಿಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ ಎಂದೂ ಕೋರುತ್ತಾನೆ. ಭೀಷ್ಮಪರ್ವದಲ್ಲಿ ಅರ್ಜುನ ಬಿಲ್ಲನ್ನು ಕೆಳಗಿಟ್ಟು ಕೂತಾಗ, ಬಂಧುಗಳ ಮೇಲೆ ಕೈಯೆತ್ತಬೇಕಾದ ಇನ್ನೊಬ್ಬ ಎಲ್ಲವನ್ನೂ ತಿಳಿದೂ ಈಗಾಗಲೇ ತೀರ್ಮಾನ ಮಾಡಿಕೊಂಡಿದ್ದಾನೆ ಎಂಬುದು ಓದುಗನ ಮನಸ್ಸಿನಲ್ಲಿರುತ್ತದೆ. ಸಂದೇಹಪಡುವ, ಪ್ರಶ್ನೆ ಕೇಳುವ, ಮನಸ್ಸು ಬದಲಾಯಿಸಿಕೊಳ್ಳಬಲ್ಲ ಅರ್ಜುನನ ಗುಣ ಆ ಹಿನ್ನೆಲೆಯಿಂದ ಎದ್ದು ಬರುತ್ತದೆ. ಅದೇ ಸಮಯದಲ್ಲಿ ನಮ್ಮ ಮರುಕವೆಲ್ಲ ಕರ್ಣನ ಕಡೆಗೆ ಹರಿದುಹೋಗುತ್ತದೆ.

ಏಕೆಂದರೆ ಕಳೆದುಕೊಂಡದ್ದು ಕರ್ಣನಲ್ಲವೇ? ತನ್ನ ಆಯ್ಕೆಗೆ ಅವನು ಪೂರ್ತಿ ಬೆಲೆ ತೆರುತ್ತಾನೆ. ಫಾಯಿಲ್ ಪಾತ್ರ ನಾಯಕನಿಗಿಂತ ಹೆಚ್ಚು ಕಳೆದುಕೊಂಡರೆ ಓದುಗ ಅದರ ಹಿಂದೆ ಹೋಗುತ್ತಾನೆ. ನಿಮ್ಮ ಸಹೋದ್ಯೋಗಿ ಏನನ್ನೂ ಕಳೆದುಕೊಳ್ಳುವಂತೆ ಕಾಣುವುದಿಲ್ಲವಾದ್ದರಿಂದ, ಅವಳು ಹಿಡಿಸಲು ಕಾರಣ ಬೇರೆ ಇರಬೇಕು. ಬಹುಶಃ ಇಡೀ ಕಥೆಯಲ್ಲಿ ಏನಾದರೂ ಮಾಡುವವಳು ಅವಳೊಬ್ಬಳೇ.

ಮಧುಕರ

ಅಂದರೆ ಅರ್ಜುನನಿಗೆ ಕರ್ಣ ಎದುರಾಳಿಯೂ ಹೌದು, ಫಾಯಿಲ್ ಕೂಡ ಹೌದು. ನಾನು ಮೊದಲು ಹೇಳಿದ್ದೂ ಅದನ್ನೇ.

ಕಾವ್ಯಾಸಕ್ತೆ

ಮಧುಕರ ಅವರೇ, ಕರ್ಣ ಫಾಯಿಲ್ ಆಗಿರುವುದು ಎದುರಾಳಿಯಾಗಿರುವುದರಿಂದಲ್ಲ, ಸೋದರನಾಗಿರುವುದರಿಂದ. ಜಯದ್ರಥನೂ ಅರ್ಜುನನಿಗೆ ಎದುರಾಳಿಯೇ. ಅವನನ್ನು ನೋಡಿ ಅರ್ಜುನನ ಸ್ವಭಾವದ ಬಗ್ಗೆ ನಮಗೇನು ತಿಳಿಯುತ್ತದೆ?

ರಂಗನಾಥ (ಹವ್ಯಾಸಿ ನಟ)

ನೀಲಾಂಬರಿ ಅವರ ಕಥೆಯನ್ನೇ ತೆಗೆದುಕೊಂಡು ಒಮ್ಮೆ ಕಟ್ಟಿ ನೋಡೋಣ. ಕೇಸ್ ಶೀಟಿನಲ್ಲಿ 0.5 ಎಂದಿದೆಯೋ 5 ಎಂದಿದೆಯೋ ಸ್ಪಷ್ಟವಿಲ್ಲ ಎಂದಿಟ್ಟುಕೊಳ್ಳಿ. ಸೊನ್ನೆಯ ಜಾಗದಲ್ಲಿ ಗೀಚು, ಬಿಂದುವಿನ ಜಾಗದಲ್ಲಿ ಶಾಯಿಯ ಕಲೆಯಂಥದ್ದೇನೋ. ಇಬ್ಬರು ನರ್ಸುಗಳೂ ಒಂದೇ ದೀಪದ ಕೆಳಗೆ ಅದನ್ನು ನೋಡುತ್ತಾರೆ, ಇಬ್ಬರಿಗೂ ಒಂದೇ ಅನುಮಾನ ಬರುತ್ತದೆ. ಮಾತಿನಮಲ್ಲಿ ತಕ್ಷಣ ಫೋನ್ ಎತ್ತಿ ವೈದ್ಯರನ್ನು ಎಬ್ಬಿಸುತ್ತಾಳೆ. ವೈದ್ಯರು ನಿದ್ದೆಗಣ್ಣಿನಲ್ಲಿ, ಶೀಟನ್ನು ನೋಡದೆ, ಬರೆದದ್ದು ಸರಿಯಾಗಿಯೇ ಇದೆ ಎಂದು ಗದರಿ ಫೋನ್ ಇಡುತ್ತಾರೆ. ಅವಳು "ಕೇಳಿದೆನಲ್ಲ, ಸರಿಯಂತೆ" ಎಂದು ನಿರಾಳವಾಗುತ್ತಾಳೆ. ನಾಯಕಿ ಫೋನ್ ಮಾಡಿದವಳಲ್ಲ, ಆದರೆ ಆ ಉತ್ತರದಿಂದ ಅವಳಿಗೆ ಸಮಾಧಾನವಾಗುವುದಿಲ್ಲ. ಹಿಂದಿನ ಮೂರು ದಿನಗಳ ಹಾಳೆಗಳನ್ನು ತಿರುವಿ, ಅದೇ ವೈದ್ಯರು ಬರೆದ ಬೇರೆ ಐದುಗಳನ್ನು ಹುಡುಕುತ್ತಾ ಕೂರುತ್ತಾಳೆ.

ಈಗ ಸುಕ್ಕುಗಟ್ಟಿದ ಸಮವಸ್ತ್ರ, ತಡವಾಗಿ ಬರುವುದು ಇವೆಲ್ಲ ಬೇಕಾಗುವುದಿಲ್ಲ. ಇಬ್ಬರನ್ನೂ ಸಮಾನ ಅನುಭವದವರನ್ನಾಗಿ, ಸಮಾನ ಕಾಳಜಿಯವರನ್ನಾಗಿ ಮಾಡಿಬಿಡಬಹುದು. ಒಬ್ಬಳಿಗೆ ಉತ್ತರ ಸಿಕ್ಕರೆ ಸಾಕು, ಇನ್ನೊಬ್ಬಳಿಗೆ ಖಾತ್ರಿಯಾಗಬೇಕು.

ವನಜಾಕ್ಷಿ

ಚೆನ್ನಾಗಿದೆ, ಆದರೆ ಇದರಲ್ಲಿ ಬೇರೆಯೇ ಒಂದು ಅಪಾಯವಿದೆ. ಫೋನ್ ಮಾಡುವ ಧೈರ್ಯ ತೋರಿದವಳು ಸಹೋದ್ಯೋಗಿ. ನಾಯಕಿ ಹಾಳೆ ತಿರುವುತ್ತಾ ಕೂತಿರುವುದು ಎಚ್ಚರವೋ, ಅಥವಾ ಬೈಸಿಕೊಳ್ಳುವ ಭಯವೋ? ನಾನು ಓದುಗಳಾದರೆ ಭಯ ಎನ್ನುತ್ತೇನೆ. ನಾಯಕಿಯ ಎಚ್ಚರವನ್ನು ಎತ್ತಿ ತೋರಿಸಲು ತಂದ ಪಾತ್ರ ಅವಳ ಪುಕ್ಕಲುತನವನ್ನು ಬಯಲು ಮಾಡಿದಂತಾಗುತ್ತದೆ.

ಹಳೆಯ ಓದುಗ

ಅದು ಅಪಾಯ ಎನ್ನುವುದಕ್ಕಿಂತ ಲಾಭ ಎನ್ನುತ್ತೇನೆ, ವನಜಾಕ್ಷಿ ಅವರೇ. ಪ್ರಾರ್ಥನೆಯ ದೃಶ್ಯದಲ್ಲಿ ಹ್ಯಾಮ್ಲೆಟ್ ಕೊಡುವ ಕಾರಣ ನಿಜವೋ ನೆಪವೋ ಎಂದು ಇಂದಿಗೂ ಜನ ಜಗಳವಾಡುತ್ತಾರೆ. ಲೇರ್ಟಿಸ್ ಇಲ್ಲದಿದ್ದರೆ ಆ ಜಗಳಕ್ಕೆ ಇಷ್ಟು ಕಾವು ಇರುತ್ತಿರಲಿಲ್ಲ. ಒಳ್ಳೆಯ ಫಾಯಿಲ್ ನಾಯಕನ ಗುಣದ ಅಂಚನ್ನು ತೋರಿಸುವಾಗ, ಆ ಅಂಚಿನ ಆಚೆ ಇರುವ ದೋಷವೂ ಕಂಡೇ ಕಾಣುತ್ತದೆ.

ವನಜಾಕ್ಷಿ

ನಾಲ್ಕು ಗಂಟೆಯ ನಾಟಕದಲ್ಲಿ ಹ್ಯಾಮ್ಲೆಟ್‌ಗೆ ತನ್ನ ಪರ ವಾದಿಸಿಕೊಳ್ಳಲು ಏಳು ಸ್ವಗತಗಳಿವೆ. ಮಿತಭಾಷಿ ನರ್ಸ್‌ಗೆ ಮೂವತ್ತು ಪುಟದ ಕಥೆಯಲ್ಲಿ ಏನಿದೆ? ಓದುಗ ಒಮ್ಮೆ ಪುಕ್ಕಲು ಎಂದು ತೀರ್ಮಾನಿಸಿದರೆ ಅದನ್ನು ಅಳಿಸುವುದು ಕಷ್ಟ.

ಸುಧೀಂದ್ರ

ನಾಯಕಿಯೂ ಕೊನೆಗೆ ಫೋನ್ ಮಾಡಲಿ, ಮುಗಿಯಿತು.

ನೀಲಾಂಬರಿ

ಸುಧೀಂದ್ರ ಅವರೇ, ಅವಳು ಫೋನ್ ಮಾಡುವುದೇನೋ ಸರಿ, ಆದರೆ ಯಾವಾಗ ಮಾಡುತ್ತಾಳೆ ಎಂಬುದರ ಮೇಲೆ ಎಲ್ಲವೂ ನಿಂತಂತಿದೆ. ಸಹೋದ್ಯೋಗಿಗೆ ಬೈಗುಳ ಬಿದ್ದದ್ದನ್ನು ಕಿವಿಯಾರೆ ಕೇಳಿದ ಮೇಲೆ, ಹಳೆಯ ಹಾಳೆಗಳನ್ನು ಕೈಯಲ್ಲಿ ಹಿಡಿದು, ಅದೇ ವೈದ್ಯರನ್ನು ಎರಡನೆಯ ಬಾರಿ ಎಬ್ಬಿಸಿದರೆ ಅದನ್ನು ಭಯ ಎನ್ನಲು ಬರುವುದಿಲ್ಲ. ಮೊದಲ ಕರೆ ಸುಲಭದ್ದು, ಎರಡನೆಯದು ಕಠಿಣವಾದದ್ದು. ಮೊದಲ ಕರೆ ಇರದಿದ್ದರೆ ಎರಡನೆಯದಕ್ಕೆ ಈ ಭಾರ ಬರುತ್ತಿರಲಿಲ್ಲ. ಸಹೋದ್ಯೋಗಿಯ ಮಾತುಗಾರಿಕೆಯನ್ನು ಉಳಿಸಿಕೊಂಡು, ಸಮವಸ್ತ್ರ ಮತ್ತು ತಡವಾಗಿ ಬರುವ ಭಾಗಗಳನ್ನು ತೆಗೆಯುತ್ತಿದ್ದೇನೆ.

ಒಂದು ಸಂಗತಿ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಾಯಕಿ ಎರಡನೆಯ ಕರೆ ಮಾಡುವಾಗ ಸಹೋದ್ಯೋಗಿ ಎಚ್ಚರವಾಗಿದ್ದು ನೋಡುತ್ತಿರಬೇಕೇ, ಅಥವಾ ಮಲಗಿರಬೇಕೇ?

ಕಾವ್ಯಾಸಕ್ತೆ

ಎಚ್ಚರವಾಗಿರಲಿ. ತಾನು ಕೇಳಿ ಬಿಟ್ಟದ್ದನ್ನು ಇನ್ನೊಬ್ಬಳು ಮತ್ತೆ ಕೇಳುವುದನ್ನು ನೋಡುವ ಸಂಕೋಚ ಅವಳಿಗೂ ಸಿಗಲಿ.

ಹಳೆಯ ಓದುಗ

ಮಲಗಿರಲಿ. ಅವಳು ನೋಡಿದರೆ ನಾಯಕಿ ಗೆದ್ದಂತಾಗುತ್ತದೆ, ಕಥೆ ಇಬ್ಬರ ಪಂದ್ಯವಾಗಿಬಿಡುತ್ತದೆ. ಲೇರ್ಟಿಸ್ ಚರ್ಚಿನ ಮಾತನ್ನಾಡುವಾಗ ಹ್ಯಾಮ್ಲೆಟ್ ಅಲ್ಲಿ ಇರಲಿಲ್ಲ.

ರಂಗನಾಥ (ಹವ್ಯಾಸಿ ನಟ)

ರಂಗದ ಮೇಲಾದರೆ ನಾನು ಅವಳನ್ನು ಬೆನ್ನು ತಿರುಗಿಸಿ ಮಲಗಿಸುತ್ತಿದ್ದೆ. ಎಚ್ಚರವಿದ್ದಾಳೋ ಇಲ್ಲವೋ ಎಂಬುದು ಪ್ರೇಕ್ಷಕರಿಗೆ ಬಿಟ್ಟದ್ದು. ಗದ್ಯದಲ್ಲಿ ಅದನ್ನು ಹೇಗೆ ಬರೆಯುತ್ತೀರೋ ನೋಡಬೇಕು.